ಸುಡುಬಿಸಿಲಲ್ಲಿ ಕಬ್ಬು, ಮೆಕ್ಕೆಜೋಳಗಳೇ ಏಕೆ ಮುಂದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಿಸಿಲು ಒಂದೇ, ಗಾಳಿ ಒಂದೇ. ಕಬ್ಬಿನ ಎಲೆಗೂ ಭತ್ತದ ಎಲೆಗೂ ವ್ಯತ್ಯಾಸ ಬರುವುದು ಎಲ್ಲಿ?

ಬಿಸಿಲನ್ನು ಹಿಡಿಯುವ ಕೆಲಸದಲ್ಲಿ ಅಲ್ಲ. ಎರಡರಲ್ಲೂ ಇರುವುದು ಒಂದೇ ಬಗೆಯ ಪತ್ರಹರಿತ್ತು, ಬೆಳಕಿನಿಂದ ಶಕ್ತಿ ತೆಗೆಯುವ ಯಂತ್ರಾಂಗವೂ ಹೆಚ್ಚುಕಡಿಮೆ ಒಂದೇ. ಆ ಶಕ್ತಿಯನ್ನು ಬಳಸಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿ ಕಟ್ಟುವ ಹಂತದಲ್ಲಿ ಇವು ಬೇರೆಯಾಗುತ್ತವೆ. ಭತ್ತ, ಗೋಧಿಗಳು ಗಾಳಿಯಿಂದ ಬಂದ ಇಂಗಾಲವನ್ನು ನೇರವಾಗಿ ರುಬಿಸ್ಕೊ ಎಂಬ ಕಿಣ್ವಕ್ಕೆ ಒಪ್ಪಿಸುತ್ತವೆ. ಕಬ್ಬು, ಮೆಕ್ಕೆಜೋಳಗಳು ಮೊದಲು ಅದನ್ನು ಬೇರೊಂದು ಕಿಣ್ವದಿಂದ ಹಿಡಿದು, ಎಲೆಯ ಒಳಗಿನ ಕೋಶಗಳಿಗೆ ಸಾಗಿಸಿ, ಅಲ್ಲಿ ಸಾಂದ್ರವಾಗಿಸಿ, ಆಮೇಲೆ ಅದೇ ರುಬಿಸ್ಕೊಗೆ ಕೊಡುತ್ತವೆ. ಬಿಸಿ ಏರಿದಷ್ಟೂ ರುಬಿಸ್ಕೊ ಮಾಡುವ ತಪ್ಪು ಹೆಚ್ಚುತ್ತದೆ. ಕಬ್ಬಿನ ಈ ಸುತ್ತುಬಳಸಿನ ದಾರಿ ಆ ತಪ್ಪಿಗೆ ಬಹುತೇಕ ಅವಕಾಶ ಕೊಡುವುದಿಲ್ಲ.

ಭತ್ತದಲ್ಲಿ ಮೊದಲು ಸಿಗುವ ವಸ್ತುವಿನಲ್ಲಿ ಮೂರು ಇಂಗಾಲದ ಪರಮಾಣುಗಳಿವೆ, ಹಾಗಾಗಿ ಅಂಥವು ಸಿ3 ಸಸ್ಯಗಳು. ಕಬ್ಬಿನಲ್ಲಿ ಮೊದಲು ಸಿಗುವುದು ನಾಲ್ಕು ಇಂಗಾಲದ ಆಮ್ಲ, ಹಾಗಾಗಿ ಸಿ4.

ರುಬಿಸ್ಕೊ ಮಾಡುವ ತಪ್ಪು ಯಾವುದು?

ಅದು ಇಂಗಾಲದ ಡೈಆಕ್ಸೈಡ್ ಹಿಡಿಯಬೇಕಾದ ಜಾಗದಲ್ಲಿ ಆಗಾಗ ಆಮ್ಲಜನಕವನ್ನು ಹಿಡಿಯುತ್ತದೆ. ಇದರಲ್ಲಿ ಆಶ್ಚರ್ಯವೇನಿಲ್ಲ. ಇಂದಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಭಾಗ, ಆಮ್ಲಜನಕ ಸುಮಾರು 2,10,000 ಭಾಗ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಹೆಚ್ಚು ಕರಗುವುದರಿಂದ ಕೋಶದ ಒಳಗೆ ಈ ಅಂತರ ಬಹಳ ತಗ್ಗುತ್ತದೆ. ಆದರೂ ಅಲ್ಲಿ ಇಂಗಾಲದ ಡೈಆಕ್ಸೈಡಿನ ಒಂದು ಅಣುವಿಗೆ ಆಮ್ಲಜನಕದ ಇಪ್ಪತ್ತಕ್ಕೂ ಹೆಚ್ಚು ಅಣುಗಳು ಪೈಪೋಟಿಗೆ ನಿಂತಿರುತ್ತವೆ. ಈ ನೂಕುನುಗ್ಗಲಲ್ಲೂ ರುಬಿಸ್ಕೊ ಬಹುಪಾಲು ಸರಿಯಾದ ಅಣುವನ್ನೇ ಆರಿಸುತ್ತದೆ ಎನ್ನುವುದೇ ದೊಡ್ಡದು. ಅದನ್ನು ದಡ್ಡ ಕಿಣ್ವ ಎಂದು ಬೈಯುವುದು ವಾಡಿಕೆಯಾಗಿದೆ. ನನಗೆ ಅದು ಅನ್ಯಾಯ ಎನಿಸುತ್ತದೆ. ಗಾಳಿಯಲ್ಲಿ ಆಮ್ಲಜನಕ ಇಲ್ಲದಿದ್ದ ಕಾಲದಲ್ಲಿ ಹುಟ್ಟಿದ ಕಿಣ್ವ ಅದು.

ಆಮ್ಲಜನಕ ಹಿಡಿದಾಗ ಆಗುವುದು ಬರೀ ಒಂದು ಸರದಿಯ ನಷ್ಟವಲ್ಲ. ಎರಡು ಇಂಗಾಲದ, ಕೋಶಕ್ಕೆ ಬೇಡವಾದ ಒಂದು ವಸ್ತು ಹುಟ್ಟುತ್ತದೆ. ಅದನ್ನು ಹಾಗೇ ಬಿಟ್ಟರೆ ವಿಷ. ಹಾಗಾಗಿ ಅದು ಕ್ಲೋರೋಪ್ಲಾಸ್ಟಿನಿಂದ ಹೊರಟು, ಪೆರಾಕ್ಸಿಸೋಮ್ ಎಂಬ ಕಣಕ್ಕೆ ಹೋಗಿ, ಅಲ್ಲಿಂದ ಮೈಟೋಕಾಂಡ್ರಿಯಕ್ಕೆ ಹೋಗಿ, ಮತ್ತೆ ಕ್ಲೋರೋಪ್ಲಾಸ್ಟಿಗೆ ಮರಳುತ್ತದೆ. ಈ ರಿಪೇರಿಯ ದಾರಿಯಲ್ಲಿ, ಪ್ರತಿ ಎರಡು ತಪ್ಪಿಗೆ ಒಂದರಂತೆ, ಈಗಾಗಲೇ ಕಟ್ಟಿದ್ದ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಜೊತೆಗೆ ಅಮೋನಿಯ ಬಿಡುಗಡೆಯಾಗುತ್ತದೆ, ಅದನ್ನು ಮತ್ತೆ ಹಿಡಿಯಲು ಇನ್ನಷ್ಟು ಶಕ್ತಿ ಬೇಕು. ಇದಕ್ಕೆ ದ್ಯುತಿಉಸಿರಾಟ ಎಂದು ಹೆಸರು. ಉಸಿರಾಟ ಎಂದ ಮಾತ್ರಕ್ಕೆ ಇದರಿಂದ ಗಿಡಕ್ಕೆ ಶಕ್ತಿ ಸಿಗುತ್ತದೆ ಎಂದುಕೊಳ್ಳಬೇಡಿ. ಇದು ಶಕ್ತಿಯನ್ನು ತಿನ್ನುತ್ತದೆ.

ಬಿಸಿ ಏರಿದಾಗ ಈ ತಪ್ಪು ಹೆಚ್ಚುವುದೇಕೆ?

ಮೂರು ಕಾರಣಗಳು ಒಂದರ ಮೇಲೊಂದು ಬಂದು ಕೂರುತ್ತವೆ.

ಮುಖ್ಯವಾದದ್ದು ರುಬಿಸ್ಕೊದ ಒಳಗೇ ಇದೆ. ಬಿಸಿ ಹೆಚ್ಚಾದಾಗ ಅದರ ಎರಡೂ ಕ್ರಿಯೆಗಳು ವೇಗವಾಗುತ್ತವೆ. ಆದರೆ ಆಮ್ಲಜನಕಕ್ಕೆ ಹೋಲಿಸಿ ಇಂಗಾಲದ ಡೈಆಕ್ಸೈಡನ್ನು ಆರಿಸಿಕೊಳ್ಳುವ ಅದರ ಸಾಮರ್ಥ್ಯ ಕುಗ್ಗುತ್ತದೆ. ಎರಡನೆಯದು ನೀರಿನ ಗುಣ: ಬಿಸಿ ಏರಿದಂತೆ ಎರಡು ಅನಿಲಗಳೂ ನೀರಿನಲ್ಲಿ ಕಡಿಮೆ ಕರಗುತ್ತವೆ, ಆದರೆ ಇಂಗಾಲದ ಡೈಆಕ್ಸೈಡಿನ ಕರಗುವಿಕೆ ಆಮ್ಲಜನಕದ್ದಕ್ಕಿಂತ ಬೇಗ ಇಳಿಯುತ್ತದೆ. ಮೂರನೆಯದು ಗಿಡದ ಹೆದರಿಕೆ. ಒಣಗಾಳಿಯ ಮಧ್ಯಾಹ್ನ ನೀರು ಉಳಿಸಿಕೊಳ್ಳಲು ಎಲೆ ತನ್ನ ಪತ್ರರಂಧ್ರಗಳನ್ನು ಅರ್ಧ ಮುಚ್ಚುತ್ತದೆ. ಆಗ ಒಳಗಿನ ಇಂಗಾಲದ ಡೈಆಕ್ಸೈಡ್ ಖರ್ಚಾಗುತ್ತಾ ಹೋಗುತ್ತದೆ, ಹೊರಗಿನಿಂದ ಬರುವುದು ಕಡಿಮೆ. ಆಮ್ಲಜನಕಕ್ಕೆ ಆ ಕೊರತೆ ಇಲ್ಲ, ಅದು ಎಲೆಯೊಳಗೇ ತಯಾರಾಗುತ್ತಿರುತ್ತದೆ.

ಕಬ್ಬಿನ ಎಲೆ ಇದನ್ನು ತಪ್ಪಿಸುವುದು ಹೇಗೆ? ಹಂತ ಹಂತವಾಗಿ ಹೇಳಿ.

ಕಬ್ಬಿನ ಎಲೆಯಲ್ಲಿ ಕೆಲಸ ಎರಡು ಬಗೆಯ ಕೋಶಗಳಿಗೆ ಹಂಚಿಹೋಗಿದೆ. ನರದ ಸುತ್ತ ಬಳೆಯಂತೆ ಒತ್ತೊತ್ತಾಗಿ ನಿಂತ ದೊಡ್ಡ ಕೋಶಗಳು ಒಂದು ಬಗೆ. ಇವನ್ನು ಕವಚ ಕೋಶ ಎನ್ನೋಣ. ಅದರ ಹೊರಗೆ, ಗಾಳಿ ಆಡುವ ಜಾಗಕ್ಕೆ ತಾಗಿಕೊಂಡಿರುವವು ತಿರುಳು ಕೋಶಗಳು.

ಗಾಳಿ ಮೊದಲು ಮುಟ್ಟುವುದು ತಿರುಳು ಕೋಶವನ್ನು. ಅಲ್ಲಿ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಬೈಕಾರ್ಬೊನೇಟ್ ಆಗುತ್ತದೆ. ಅದನ್ನು ಪೆಪ್ ಕಾರ್ಬಾಕ್ಸಿಲೇಸ್ ಎಂಬ ಕಿಣ್ವ ಹಿಡಿಯುತ್ತದೆ. ಇಡೀ ಕಥೆಯ ತಿರುಳು ಇಲ್ಲಿದೆ: ಈ ಕಿಣ್ವ ಹಿಡಿಯುವುದು ಬೈಕಾರ್ಬೊನೇಟನ್ನು, ಅದಕ್ಕೆ ಆಮ್ಲಜನಕದೊಂದಿಗೆ ಗೊಂದಲವೇ ಆಗುವುದಿಲ್ಲ. ಬಿಸಿ ಏರಿದರೂ, ಎಲೆಯೊಳಗೆ ಇಂಗಾಲ ತೀರಾ ಕಡಿಮೆಯಾದರೂ, ಅದು ಕೆಲಸ ನಡೆಸುತ್ತದೆ. ಹಿಡಿದ ಇಂಗಾಲ ನಾಲ್ಕು ಇಂಗಾಲದ ಆಕ್ಸಲೊಅಸಿಟಿಕ್ ಆಮ್ಲವಾಗಿ, ಕೂಡಲೇ ಬಹುಪಾಲು ಮ್ಯಾಲಿಕ್ ಆಮ್ಲವಾಗುತ್ತದೆ.

ಈ ಮ್ಯಾಲಿಕ್ ಆಮ್ಲ ಎರಡು ಕೋಶಗಳ ನಡುವಿನ ಗೋಡೆಯಲ್ಲಿರುವ ಅತಿಸಣ್ಣ ಕಿಂಡಿಗಳ ಮೂಲಕ ಕವಚ ಕೋಶಕ್ಕೆ ಹೋಗುತ್ತದೆ. ಅಲ್ಲಿ ಅದರಿಂದ ಇಂಗಾಲದ ಡೈಆಕ್ಸೈಡ್ ಮತ್ತೆ ಬಿಡಿಸಲ್ಪಡುತ್ತದೆ. ದಪ್ಪ ಗೋಡೆಯ ಕವಚ ಕೋಶದಿಂದ ಅದು ಸುಲಭವಾಗಿ ಹೊರಗೆ ಸೋರಲಾರದು. ಹೀಗೆ ಕವಚ ಕೋಶದಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ಸುಮಾರು ಹತ್ತು ಪಟ್ಟು ಸಾಂದ್ರವಾಗುತ್ತದೆ. ಕಬ್ಬಿನ ರುಬಿಸ್ಕೊ ಇರುವುದು ಈ ಕೋಣೆಯಲ್ಲಿ ಮಾತ್ರ. ಕಬ್ಬು, ಮೆಕ್ಕೆಜೋಳ, ಜೋಳಗಳ ಕವಚ ಕೋಶದ ಕ್ಲೋರೋಪ್ಲಾಸ್ಟುಗಳು ಆಮ್ಲಜನಕವನ್ನು ಬಹಳ ಕಡಿಮೆ ಉತ್ಪಾದಿಸುವಂತೆ ಕೂಡ ಬದಲಾಗಿವೆ. ತಪ್ಪು ಮಾಡಲು ರುಬಿಸ್ಕೊಗೆ ಅಲ್ಲಿ ಸಂದರ್ಭವೇ ಸಿಗುವುದು ಕಡಿಮೆ.

ಇಂಗಾಲ ಇಳಿಸಿದ ಮೇಲೆ ಉಳಿಯುವ ಮೂರು ಇಂಗಾಲದ ಪೈರುವಿಕ್ ಆಮ್ಲ ತಿರುಳು ಕೋಶಕ್ಕೆ ಮರಳುತ್ತದೆ. ಅದನ್ನು ಮತ್ತೆ ಇಂಗಾಲ ಹಿಡಿಯುವ ರೂಪಕ್ಕೆ ತರಲು ಎಟಿಪಿ ಎಂಬ ಶಕ್ತಿಯ ಅಣು ಎರಡು ಖರ್ಚು. ಸಿ4 ದಾರಿಯ ಶುಲ್ಕ ಇದೇ.

ಆ ಶುಲ್ಕ ಕಟ್ಟಿಯೂ ಲಾಭ ಹೇಗೆ? ಒಂದು ಲೆಕ್ಕ ಹಾಕಿ ತೋರಿಸಬಹುದೇ?

ಖಂಡಿತ. ಈ ಪ್ರಶ್ನೆಗೆ ಲೆಕ್ಕವಿಲ್ಲದೆ ಉತ್ತರ ಹೇಳುವುದು ಕಷ್ಟ. ಎಟಿಪಿ ಎಂದರೆ ಬೆಳಕಿನಿಂದ ಎಲೆ ತಯಾರಿಸುವ ಶಕ್ತಿಯ ಚಿಲ್ಲರೆ ನಾಣ್ಯ ಎಂದುಕೊಳ್ಳಿ. ಒಂದು ಇಂಗಾಲವನ್ನು ಉಳಿತಾಯಕ್ಕೆ ಸೇರಿಸಲು ಎಷ್ಟು ಎಟಿಪಿ ಬೇಕು ಎಂದು ನೋಡೋಣ.

ತಪ್ಪೇ ಆಗದಿದ್ದರೆ ಸಿ3 ದಾರಿಗೆ ಮೂರು ಎಟಿಪಿ ಸಾಕು. ಸಿ4 ದಾರಿಗೆ ಆ ಮೂರರ ಮೇಲೆ ಸಾಗಾಟದ ಎರಡು ಸೇರಿ ಐದು. ಅಂದರೆ ತಂಪಾದ, ಇಂಗಾಲ ಧಾರಾಳವಾಗಿರುವ ಜಗತ್ತಿನಲ್ಲಿ ಕಬ್ಬಿನ ವ್ಯವಸ್ಥೆ ದುಂದುಗಾರಿಕೆ.

ಈಗ ಭತ್ತದ ಎಲೆಯೊಳಗೆ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 280 ಭಾಗ ಇದೆ ಎಂದಿಟ್ಟುಕೊಳ್ಳಿ. ಪತ್ರರಂಧ್ರ ಚೆನ್ನಾಗಿ ತೆರೆದಿದ್ದಾಗ ಹೆಚ್ಚುಕಡಿಮೆ ಅಷ್ಟಿರುತ್ತದೆ. ಸಿ3 ಎಲೆಗಳ ರುಬಿಸ್ಕೊ ಬಗ್ಗೆ ಸಸ್ಯಶಾಸ್ತ್ರಜ್ಞರು ಬಳಸುವ ಅಳತೆಗಳನ್ನು ಇಟ್ಟು ಲೆಕ್ಕ ಹಾಕಿದರೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರತಿ 100 ಸರಿಯಾದ ಹಿಡಿತಕ್ಕೆ ಸುಮಾರು 30 ತಪ್ಪು ಹಿಡಿತಗಳು. ಎರಡು ತಪ್ಪಿಗೆ ಒಂದು ಇಂಗಾಲ ನಷ್ಟ, ಅಂದರೆ 100ರಲ್ಲಿ 15 ಹೋಗಿ 85 ಉಳಿಯಿತು. ಪ್ರತಿ ತಪ್ಪಿನ ರಿಪೇರಿಗೆ ಸುಮಾರು ಮೂರೂವರೆ ಎಟಿಪಿ. ಒಟ್ಟು ಖರ್ಚು 300 ಮತ್ತು 105, ಸೇರಿ 405. ಅದನ್ನು ಉಳಿದ 85ರಿಂದ ಭಾಗಿಸಿದರೆ ಒಂದು ಇಂಗಾಲಕ್ಕೆ ಸುಮಾರು 4.8 ಎಟಿಪಿ. ಕಬ್ಬಿನ ಐದಕ್ಕೆ ಬಹುತೇಕ ಸಮ.

35 ಡಿಗ್ರಿಗೆ ಬನ್ನಿ. ಅದೇ ಎಲೆ, ಅದೇ 280. ತಪ್ಪುಗಳು 100ಕ್ಕೆ ಸುಮಾರು 50 ಆಗುತ್ತವೆ. ಉಳಿಯುವ ಇಂಗಾಲ 75, ಖರ್ಚು 300 ಮತ್ತು 175 ಸೇರಿ 475. ಒಂದು ಇಂಗಾಲಕ್ಕೆ 6.3 ಎಟಿಪಿ. ಕಬ್ಬು ಈಗಲೂ ಐದರ ಆಸುಪಾಸಿನಲ್ಲೇ ಇದೆ. ಕವಚ ಕೋಶದಿಂದ ಸ್ವಲ್ಪ ಸೋರುವುದನ್ನು ಸೇರಿಸಿದರೂ ಐದೂವರೆ. ಒಣಗಾಳಿಗೆ ಭತ್ತದ ಪತ್ರರಂಧ್ರಗಳು ಬಿಗಿದು ಎಲೆಯೊಳಗಿನ 280 ಇಳಿದು 200 ಆಯಿತೆನ್ನಿ. ತಪ್ಪುಗಳು 70ಕ್ಕೆ ಏರುತ್ತವೆ, ಖರ್ಚು ಎಂಟನ್ನು ದಾಟುತ್ತದೆ.

ಈಗ ಕೆಳಕ್ಕೆ ಹೋಗಿ, 15 ಡಿಗ್ರಿಗೆ. ತಪ್ಪುಗಳು 18ಕ್ಕೆ ಇಳಿದು ಖರ್ಚು ಸುಮಾರು ನಾಲ್ಕು ಎಟಿಪಿ. ಇಲ್ಲಿ ಗೋಧಿ ಗೆಲ್ಲುತ್ತದೆ.

ಇದು ಎಟಿಪಿ ಒಂದನ್ನೇ ಎಣಿಸಿದ ಒರಟು ಲೆಕ್ಕ. ಎಲೆ ಬೇರೆ ಬಗೆಯ ಶಕ್ತಿಯನ್ನೂ ಖರ್ಚು ಮಾಡುತ್ತದೆ, ಪ್ರತಿ ಜಾತಿಯ ರುಬಿಸ್ಕೊ ಸ್ವಲ್ಪ ಸ್ವಲ್ಪ ಬೇರೆ. ಆದರೂ ಮಂದ ಬೆಳಕಿನಲ್ಲಿ ನಿಜವಾದ ಎಲೆಗಳನ್ನು ಅಳೆದಾಗ ಸಿ3, ಸಿ4 ದಾರಿಗಳು ಸಮವಾಗುವ ತಾಪಮಾನ ಇಪ್ಪತ್ತರ ಮಧ್ಯದಿಂದ ಮೂವತ್ತರ ಆಸುಪಾಸಿನೊಳಗೇ ಸಿಗುತ್ತದೆ. ಲೆಕ್ಕ ಅಲ್ಲಿಗೇ ಬಂದು ನಿಂತಿರುವುದು ಆಕಸ್ಮಿಕವಲ್ಲ.

ಪೂರ್ಣ ಬಿಸಿಲಿನಲ್ಲಿ ಅಂತರ ಇನ್ನೂ ಹಿಗ್ಗುತ್ತದೆ. ಭತ್ತದ ಒಂದು ಎಲೆ ಅರ್ಧ ಬಿಸಿಲಿಗಿಂತ ಮೊದಲೇ ತುಂಬಿಹೋಗುತ್ತದೆ, ಅದಕ್ಕಿಂತ ಹೆಚ್ಚಿನ ಬೆಳಕು ಅದಕ್ಕೆ ಉಪಯೋಗವಿಲ್ಲ. ಕಬ್ಬಿನ ಎಲೆ ನಡುಮಧ್ಯಾಹ್ನದ ಬೆಳಕಿನಲ್ಲೂ ಇನ್ನಷ್ಟು ಬಂದರೆ ಬರಲಿ ಎನ್ನುವ ಸ್ಥಿತಿಯಲ್ಲಿರುತ್ತದೆ.

ಇದನ್ನು ಪತ್ತೆ ಹಚ್ಚಿದ್ದು ಯಾರು?

ಕಬ್ಬಿನ ಕಂಪನಿಗಳ ಪ್ರಯೋಗಾಲಯಗಳು ಎಂದರೆ ಹೆಚ್ಚು ತಪ್ಪಾಗದು. 1940ರ ದಶಕದ ಕೊನೆ ಮತ್ತು 1950ರ ದಶಕದಲ್ಲಿ ಮೆಲ್ವಿನ್ ಕ್ಯಾಲ್ವಿನ್ ತಂಡ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪಾಚಿಗೆ ವಿಕಿರಣಶೀಲ ಇಂಗಾಲ ಕೊಟ್ಟು, ಅದು ಮೊದಲು ಮೂರು ಇಂಗಾಲದ ಆಮ್ಲದಲ್ಲಿ ಕಾಣಿಸುತ್ತದೆ ಎಂದು ತೋರಿಸಿತು. 1961ರಲ್ಲಿ ಕ್ಯಾಲ್ವಿನ್‌ಗೆ ನೊಬೆಲ್ ಬಂತು. ಎಲ್ಲ ಹಸಿರು ಗಿಡಗಳದೂ ಇದೇ ದಾರಿ ಎಂದು ಬಹುತೇಕರು ನಂಬಿದರು.

ಅದೇ ಹೊತ್ತಿಗೆ ಹವಾಯಿಯ ಕಬ್ಬು ಬೆಳೆಗಾರರ ಸಂಘದ ಪ್ರಯೋಗ ಕೇಂದ್ರದಲ್ಲಿ ಹ್ಯೂಗೊ ಕೋರ್ಟ್‌ಶಾಕ್, ಕಾನ್‌ಸ್ಟನ್ಸ್ ಹಾರ್ಟ್, ಜಾರ್ಜ್ ಬರ್ ಕಬ್ಬಿನ ಎಲೆಗೆ ಅದೇ ಪ್ರಯೋಗ ಮಾಡಿದರು. ವಿಕಿರಣಶೀಲ ಇಂಗಾಲ ಮೊದಲು ಸಿಕ್ಕಿದ್ದು ಮ್ಯಾಲಿಕ್ ಮತ್ತು ಆಸ್ಪಾರ್ಟಿಕ್ ಆಮ್ಲಗಳಲ್ಲಿ. ಅವರು ಪೂರ್ಣ ಪ್ರಬಂಧ ಪ್ರಕಟಿಸಿದ್ದು 1965ರಲ್ಲಿ. ರಷ್ಯಾದ ಯೂರಿ ಕಾರ್ಪಿಲೋವ್ 1960ರಲ್ಲೇ ಮೆಕ್ಕೆಜೋಳದಲ್ಲಿ ಇಂಥದ್ದನ್ನೇ ಕಂಡು ಬರೆದಿದ್ದರು, ಆದರೆ ಹೊರಗೆ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಒಂದು ಸಕ್ಕರೆ ಕಂಪನಿಯ ಪ್ರಯೋಗಾಲಯದಲ್ಲಿದ್ದ ಹಾಲ್ ಹ್ಯಾಚ್ ಮತ್ತು ರೋಜರ್ ಸ್ಲ್ಯಾಕ್ ಹವಾಯಿಯ ಫಲಿತಾಂಶ ಓದಿ ಬೆನ್ನು ಹತ್ತಿದರು. ಎಲೆಗೆ ವಿಕಿರಣಶೀಲ ಇಂಗಾಲ ಕೊಟ್ಟು ಕೆಲವೇ ಸೆಕೆಂಡುಗಳ ಅಂತರದಲ್ಲಿ ಕುದಿಯುವ ಆಲ್ಕೋಹಾಲಿನಲ್ಲಿ ಕೊಂದು, ಆ ಗುರುತು ಯಾವ ಆಮ್ಲದಿಂದ ಯಾವುದಕ್ಕೆ, ಅಣುವಿನ ಯಾವ ಪರಮಾಣುವಿಗೆ ಹೋಯಿತು ಎಂದು ಹಿಂಬಾಲಿಸಿದರು. ಮೊದಲು ಹಿಡಿದ ಇಂಗಾಲವೇ ಆಮೇಲೆ ಕ್ಯಾಲ್ವಿನ್ ದಾರಿಗೆ ಸೇರುತ್ತದೆ ಎಂದು ತೋರಿಸಿದ ಅವರ ಮೊದಲ ಪ್ರಬಂಧ 1966ರದು.

ವಿಚಿತ್ರವೆಂದರೆ ಎಲೆಯ ಆ ಬಳೆಯಂಥ ರಚನೆಯನ್ನು ಸಸ್ಯಶಾಸ್ತ್ರಜ್ಞ ಗಾಟ್‌ಲೀಬ್ ಹ್ಯಾಬರ್‌ಲಾಂಟ್ 1880ರ ದಶಕದಲ್ಲೇ ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದ್ದ. ಅದು ಏತಕ್ಕೆ ಎಂದು ಗೊತ್ತಾಗಲು ಎಂಬತ್ತು ವರ್ಷ ಬೇಕಾಯಿತು.

ನಮ್ಮ ಹೊಲಗಳಲ್ಲಿ ಯಾವುದು ಯಾವ ಗುಂಪು?

ಕಬ್ಬು, ಮೆಕ್ಕೆಜೋಳ, ಜೋಳ, ಸಜ್ಜೆ, ರಾಗಿ, ನವಣೆ, ಸಾಮೆ, ಹಾರಕ ಎಲ್ಲವೂ ಸಿ4. ಕರ್ನಾಟಕದ ಒಣಬೇಸಾಯದ ಧಾನ್ಯಗಳು ಬಹುತೇಕ ಈ ಗುಂಪಿನವೇ. ಭತ್ತ, ಗೋಧಿ, ಬಾರ್ಲಿ ಸಿ3. ತೊಗರಿ, ಕಡಲೆ, ಶೇಂಗಾ, ಹತ್ತಿ, ಆಲೂಗಡ್ಡೆ ಮತ್ತು ಮರಗಳೆಲ್ಲ ಹೆಚ್ಚುಕಡಿಮೆ ಸಿ3. ಹುಲ್ಲಿನ ಜಾತಿಯಲ್ಲದಿದ್ದರೂ ದಂಟಿನ ಸೊಪ್ಪು ಸಿ4.

ಕಳೆಗಳ ಪಟ್ಟಿ ರೈತರಿಗೆ ಸಂತೋಷ ಕೊಡುವಂಥದ್ದಲ್ಲ. ಗರಿಕೆ, ಜೇಕು ಎರಡೂ ಸಿ4. ಭತ್ತದ ಗದ್ದೆಯಲ್ಲಿ ಎಳೆಯ ಪೈರಿನ ಹಾಗೆಯೇ ಕಾಣುತ್ತಾ ಬೆಳೆದು ಮೇಲೇಳುವ ಎಕೈನೋಕ್ಲೋವಾ ಹುಲ್ಲು ಕೂಡ ಸಿ4. ಬಿಸಿ ಏರಿದ ವಾರಗಳಲ್ಲಿ ಅದು ಪೈರನ್ನು ಹಿಂದೆ ಹಾಕುವುದಕ್ಕೆ ಇದೂ ಒಂದು ಕಾರಣ.

ಸಿ4 ದಾರಿ ಒಂದೇ ಮೂಲದಿಂದ ಬಂದದ್ದಲ್ಲ. ಬೇರೆ ಬೇರೆ ಸಸ್ಯ ಕುಲಗಳಲ್ಲಿ ಅರವತ್ತಕ್ಕೂ ಹೆಚ್ಚು ಬಾರಿ ಅದು ಸ್ವತಂತ್ರವಾಗಿ ಹುಟ್ಟಿದೆ. ಹುಲ್ಲುಗಳಲ್ಲಿ ಅದರ ಆರಂಭ ಸುಮಾರು ಮೂರು ಕೋಟಿ ವರ್ಷಗಳ ಹಿಂದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಕುಸಿದ ಕಾಲದಲ್ಲಿ.

ಗಿಡ ಸಿ4 ಹೌದೋ ಅಲ್ಲವೋ ಎಂದು ನೋಡಿ ಗುರುತಿಸಲು ಸಾಧ್ಯವೇ?

ಬರಿಗಣ್ಣಿಗೆ ಕಷ್ಟ, ಕಾಲೇಜಿನ ಸೂಕ್ಷ್ಮದರ್ಶಕಕ್ಕೆ ಸುಲಭ. ಬಿಸಿಲಲ್ಲಿ ಕೆಲವು ಗಂಟೆ ಇದ್ದ ಮೆಕ್ಕೆಜೋಳದ ಎಲೆಯನ್ನು ಬ್ಲೇಡಿನಿಂದ ಅಡ್ಡಕ್ಕೆ ತೆಳುವಾಗಿ ಸೀಳಿ ನೋಡಿ. ನರಗಳು ಒತ್ತೊತ್ತಾಗಿರುತ್ತವೆ, ಎರಡು ನರಗಳ ಕವಚಗಳ ನಡುವೆ ತಿರುಳು ಕೋಶ ಎರಡೋ ಮೂರೋ ಅಷ್ಟೇ. ಪ್ರತಿ ನರದ ಸುತ್ತ ಕಡುಹಸಿರು ಬಳೆ ಎದ್ದು ಕಾಣುತ್ತದೆ. ಎಲೆಯನ್ನು ಆಲ್ಕೋಹಾಲಿನಲ್ಲಿ ಬಣ್ಣ ತೆಗೆದು ಅಯೋಡಿನ್ ಹಾಕಿದರೆ ಪಿಷ್ಟದ ಕಪ್ಪುನೀಲಿ ಬಣ್ಣ ಬಹುಪಾಲು ಆ ಬಳೆಯಲ್ಲೇ ಕೂರುತ್ತದೆ. ಭತ್ತದ ಎಲೆಯಲ್ಲಿ ಬಳೆಯ ಕೋಶಗಳು ಇವೆ, ಆದರೆ ಅವು ಪೇಲವ. ಹಸಿರೆಲ್ಲ ಹೊರಗಿನ ತಿರುಳಿನಲ್ಲಿ.

ಇನ್ನೊಂದು ಕ್ರೂರವಾದ ಪರೀಕ್ಷೆ ಇದೆ. ಗಾಳಿ ಆಡದ ಗಾಜಿನ ಪೆಟ್ಟಿಗೆಯಲ್ಲಿ ಮೆಕ್ಕೆಜೋಳ ಮತ್ತು ಗೋಧಿಯ ಸಸಿಗಳನ್ನು ಒಟ್ಟಿಗೆ ಇಟ್ಟು ಸದಾ ಬೆಳಕು ಕೊಡುವುದು. ಮೆಕ್ಕೆಜೋಳ ಪೆಟ್ಟಿಗೆಯ ಇಂಗಾಲದ ಡೈಆಕ್ಸೈಡನ್ನು ಹೆಚ್ಚುಕಡಿಮೆ ಸೊನ್ನೆಗೆ ಇಳಿಸಬಲ್ಲದು. ಗೋಧಿಗೆ ಹತ್ತು ಲಕ್ಷಕ್ಕೆ ನಲವತ್ತು ಐವತ್ತು ಭಾಗಕ್ಕಿಂತ ಕೆಳಗೆ ಹೋದರೆ ಆದಾಯಕ್ಕಿಂತ ನಷ್ಟವೇ ಜಾಸ್ತಿ. ದಿನ ಕಳೆದಂತೆ ಗೋಧಿ ತನ್ನ ಮೈಯಲ್ಲಿದ್ದ ಇಂಗಾಲವನ್ನು ಬಿಡುತ್ತಾ ಸಾಯುತ್ತದೆ, ಮೆಕ್ಕೆಜೋಳ ಅದನ್ನೇ ಹಿಡಿದು ಬದುಕುತ್ತದೆ.

ಎಲೆ ಕೈಯಲ್ಲಿಲ್ಲದೆ ಬರೀ ಸಕ್ಕರೆ ಇದ್ದರೂ ಹೇಳಬಹುದು. ಗಾಳಿಯಲ್ಲಿ ತುಸು ಭಾರವಾದ ಇಂಗಾಲವೂ ಇದೆ. ರುಬಿಸ್ಕೊ ಅದನ್ನು ಬಿಟ್ಟು ಹಗುರವಾದದ್ದನ್ನು ಆರಿಸುವುದರಿಂದ ಸಿ3 ಗಿಡಗಳಲ್ಲಿ ಭಾರದ ಇಂಗಾಲ ಸ್ವಲ್ಪ ಕಡಿಮೆ, ಸಿ4 ಗಿಡಗಳಲ್ಲಿ ಅದಕ್ಕಿಂತ ಹೆಚ್ಚು. ಜೇನುಹುಳುಗಳು ಮಕರಂದ ತರುವ ಗಿಡಗಳು ಬಹುತೇಕ ಸಿ3. ಜೇನುತುಪ್ಪಕ್ಕೆ ಕಬ್ಬಿನ ಸಕ್ಕರೆ ಅಥವಾ ಮೆಕ್ಕೆಜೋಳದ ಪಾಕ ಬೆರೆಸಿದರೆ ಈ ಅಳತೆಯಲ್ಲಿ ಸಿಕ್ಕಿಬೀಳುತ್ತದೆ. ಕಲಬೆರಕೆ ಮಾಡುವವರಿಗೂ ಇದು ಗೊತ್ತು. ಹಾಗಾಗಿಯೇ ಅವರು ಅಕ್ಕಿಯಿಂದ ಮಾಡಿದ ಪಾಕಕ್ಕೆ ಹೊರಳಿದರು: ಭತ್ತ ಸಿ3, ಈ ಪರೀಕ್ಷೆಗೆ ಅದು ಕಾಣುವುದಿಲ್ಲ.

ಕಬ್ಬು ನೀರು ಕುಡಿಯುವ ಬೆಳೆ ಎನ್ನುತ್ತಾರೆ. ಸಿ4 ನೀರು ಉಳಿಸುತ್ತದೆ ಎಂದೂ ಹೇಳುತ್ತಾರೆ. ಯಾವುದು ನಿಜ?

ಎರಡೂ ನಿಜ, ಕೇಳುವ ಪ್ರಶ್ನೆಗಳು ಬೇರೆ. ಎಲೆಯೊಳಗೆ ಇಂಗಾಲ ಕಡಿಮೆ ಇದ್ದರೂ ಪೆಪ್ ಕಾರ್ಬಾಕ್ಸಿಲೇಸ್ ಕೆಲಸ ಮಾಡುವುದರಿಂದ ಸಿ4 ಎಲೆ ಪತ್ರರಂಧ್ರಗಳನ್ನು ಸಣ್ಣದಾಗಿ ತೆರೆದರೂ ಸಾಕು. ಆವಿಯಾಗಿ ಹೋಗುವ ನೀರು ಕಡಿಮೆ. 1910ರ ದಶಕದಲ್ಲಿ, ಸಿ4 ಎಂಬ ಪರಿಕಲ್ಪನೆಯೇ ಇಲ್ಲದ ಕಾಲದಲ್ಲಿ, ಅಮೆರಿಕದ ಕೊಲೊರಾಡೊದಲ್ಲಿ ಬ್ರಿಗ್ಸ್ ಮತ್ತು ಶಾಂಟ್ಜ್ ಎಂಬಿಬ್ಬರು ಕುಂಡಗಳಲ್ಲಿ ಬೆಳೆ ಬೆಳೆಸಿ ತೂಗಿ ನೋಡಿದ್ದರು. ಒಂದು ಕಿಲೊ ಒಣ ಪದಾರ್ಥ ಕಟ್ಟಲು ಜೋಳ ಸುಮಾರು 320 ಲೀಟರ್, ಮೆಕ್ಕೆಜೋಳ 370 ಲೀಟರ್ ನೀರು ಆವಿ ಮಾಡಿದರೆ, ಗೋಧಿ 510, ಭತ್ತ 700ರ ಆಸುಪಾಸು. ಎರಡು ಗುಂಪುಗಳು ತಾವಾಗಿಯೇ ಬೇರೆಯಾಗಿ ನಿಂತಿದ್ದವು, ಕಾರಣ ಯಾರಿಗೂ ಗೊತ್ತಿರಲಿಲ್ಲ.

ಆದರೆ ನಾಲೆಯ ನೀರಿನ ಲೆಕ್ಕ ಕಿಲೊಗೆ ಇಷ್ಟು ಎಂದಲ್ಲ, ಎಕರೆಗೆ ಇಷ್ಟು ಎಂದು. ಕಬ್ಬು ಹತ್ತು ಹನ್ನೆರಡು ತಿಂಗಳು ಹೊಲದಲ್ಲಿ ನಿಲ್ಲುತ್ತದೆ, ಬೇಸಿಗೆಯನ್ನೂ ಅಲ್ಲೇ ಕಳೆಯುತ್ತದೆ, ಅಪಾರ ಹಸಿರನ್ನು ಕಟ್ಟುತ್ತದೆ. ಒಟ್ಟು ಬೆಳೆಗಾಲಕ್ಕೆ ಅದರ ಅಗತ್ಯ 1500ರಿಂದ 2500 ಮಿಲಿಮೀಟರ್ ನೀರು. ದಕ್ಷ ಎಲೆ ಎಂಬುದು ಮಂಡ್ಯದಲ್ಲೋ ಬೆಳಗಾವಿಯಲ್ಲೋ ಕಬ್ಬಿಗೆ ನೀರು ಹರಿಸುವುದಕ್ಕೆ ಸಮರ್ಥನೆ ಆಗುವುದಿಲ್ಲ. ಅದೇ ದಕ್ಷತೆ ನೂರಿಪ್ಪತ್ತು ದಿನದ ರಾಗಿಯಲ್ಲಿದ್ದಾಗ ಕಥೆ ಬೇರೆ.

ಸಿ4 ಎಂದರೆ ಎಂಥ ಬಿಸಿಯನ್ನೂ ತಡೆಯುವ ಬೆಳೆ ಎಂದರ್ಥವೇ?

ಅಲ್ಲ. ಇಲ್ಲಿಯವರೆಗೆ ಹೇಳಿದ್ದೆಲ್ಲ ಎಲೆಯ ಲೆಕ್ಕ. ಕಾಳು ಕಟ್ಟುವುದು ಹೂವು. ಹೂ ಬಿಡುವ ದಿನಗಳಲ್ಲಿ 35 ಡಿಗ್ರಿಗಿಂತ ಮೇಲೆ ಹೋದರೆ ಭತ್ತದಲ್ಲಿ ಜೊಳ್ಳು ಹೆಚ್ಚುವಂತೆಯೇ ಮೆಕ್ಕೆಜೋಳದ ಪರಾಗವೂ ಬಿಸಿ ಒಣಗಾಳಿಗೆ ಸಾಯುತ್ತದೆ. ಎಲೆ ಹಸಿರಾಗಿ ನಳನಳಿಸುತ್ತಿದ್ದು ತೆನೆಯಲ್ಲಿ ಅಲ್ಲಲ್ಲಿ ಕಾಳಿಲ್ಲದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಹೂ ಬಿಟ್ಟಾಗಿನ ಹವೆಯನ್ನು. ಎಲೆಯಲ್ಲೂ ಒಂದು ಮಿತಿ ಇದೆ: ರುಬಿಸ್ಕೊವನ್ನು ಚುರುಕಾಗಿಡುವ ಸಹಾಯಕ ಪ್ರೋಟೀನು ಹೆಚ್ಚು ಬಿಸಿಗೆ ಕೆಡುತ್ತದೆ. ಅದು ಸಿ3ಗೂ ಸಿ4ಗೂ ಸಮಾನವಾದ ದೌರ್ಬಲ್ಯ.

ಹಾಗಿದ್ದರೆ ಗೋಧಿ ಏಕೆ ಇನ್ನೂ ಸಿ3 ಆಗಿಯೇ ಉಳಿದಿದೆ?

ಗೋಧಿ ಬೆಳೆಯುವ ಕಾಲ ನೋಡಿ. ಪಂಜಾಬಿನಲ್ಲಾಗಲಿ ನಮ್ಮ ಧಾರವಾಡ, ವಿಜಯಪುರದಲ್ಲಾಗಲಿ ಅದು ಹಿಂಗಾರಿ ಬೆಳೆ. ತಂಪಿನಲ್ಲಿ ನಾಲ್ಕು ಎಟಿಪಿಯ ದಾರಿಯೇ ಅಗ್ಗ. ಅದಲ್ಲದೆ ಸಿ4 ದಾರಿಯ ಕೆಲವು ಕಿಣ್ವಗಳಿಗೆ ಚಳಿ ಆಗಿಬರದು. ಪೈರುವಿಕ್ ಆಮ್ಲವನ್ನು ಮತ್ತೆ ಸಜ್ಜುಗೊಳಿಸುವ ಕಿಣ್ವ ಹನ್ನೆರಡು ಡಿಗ್ರಿಯ ಆಸುಪಾಸಿಗೆ ಬಂದರೆ ಬಿಡಿಬಿಡಿಯಾಗಿ ನಿಷ್ಕ್ರಿಯವಾಗುತ್ತದೆ. ಚಳಿಯಲ್ಲಿ ಮೊಳೆತ ಮೆಕ್ಕೆಜೋಳದ ಎಳೆ ಎಲೆ ಹಳದಿಗೆ ತಿರುಗುವುದನ್ನು ಕಂಡವರಿಗೆ ಈ ಮಿತಿ ಗೊತ್ತು.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತಿದೆ. ಮುಂದೆ ಭತ್ತವೇ ಗೆಲ್ಲಬಹುದೇ?

ಅಂತರ ಕಡಿಮೆಯಾಗುತ್ತದೆ. ಮೇಲಿನ ಲೆಕ್ಕದಲ್ಲೇ ಗಾಳಿಯ ಮಟ್ಟವನ್ನು 550ಕ್ಕೆ ಏರಿಸಿ, 35 ಡಿಗ್ರಿಯಲ್ಲಿ ಭತ್ತದ ಖರ್ಚು 6.3ರಿಂದ ಸುಮಾರು 5.3 ಎಟಿಪಿಗೆ ಇಳಿಯುತ್ತದೆ. ಕಬ್ಬಿನ ಕವಚ ಕೋಶ ಈಗಾಗಲೇ ತುಂಬಿರುವುದರಿಂದ ಅದಕ್ಕೆ ಹೆಚ್ಚಿನ ಲಾಭವಿಲ್ಲ. ಕೆರೆ ತಾನೇ ತುಂಬಿ ಹರಿಯುವಾಗ ಪಂಪಿಗೆ ಕರೆಂಟು ಸುರಿದ ಹಾಗೆ. ಅಮೆರಿಕದ ಇಲಿನಾಯ್‌ನಲ್ಲಿ ಬಯಲು ಹೊಲದಲ್ಲೇ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಹಾಯಿಸಿ ಬೆಳೆದ ಮೆಕ್ಕೆಜೋಳ, ನೀರಿನ ಕೊರತೆ ಇಲ್ಲದ ವರ್ಷದಲ್ಲಿ, ಹೆಚ್ಚು ಇಳುವರಿ ಕೊಡಲಿಲ್ಲ. ಬರ ಬಂದಾಗ ಮಾತ್ರ ಪತ್ರರಂಧ್ರ ಕಿರಿದಾಗಿ ನೀರು ಉಳಿಯುವುದರಿಂದ ಸಿ4ಗೂ ಅನುಕೂಲ. ಆದರೆ ಇಂಗಾಲ ಏರುವಾಗ ಬಿಸಿಯೂ ಏರುತ್ತದೆ. ಒಂದು ಭತ್ತದ ಖರ್ಚನ್ನು ಇಳಿಸುತ್ತದೆ, ಇನ್ನೊಂದು ಏರಿಸುತ್ತದೆ. ಎಲ್ಲಿ ಎಷ್ಟು ಎನ್ನುವುದು ಊರಿನಿಂದ ಊರಿಗೆ ಬದಲಾಗುತ್ತದೆ.

ಭತ್ತವನ್ನೇ ಸಿ4 ಮಾಡಲು ಆಗುವುದಿಲ್ಲವೇ?

ಪ್ರಯತ್ನ ನಡೆಯುತ್ತಲೇ ಇದೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಜಾನ್ ಶೀಹಿ ಹುಟ್ಟುಹಾಕಿದ ಸಿ4 ಭತ್ತದ ಯೋಜನೆಯನ್ನು ಆಮೇಲೆ ಆಕ್ಸ್‌ಫರ್ಡಿನಿಂದ ಜೇನ್ ಲಾಂಗ್‌ಡೇಲ್ ಮುನ್ನಡೆಸಿದರು. ಕಿಣ್ವಗಳು ಸುಲಭದ ಭಾಗ. ಅವೆಲ್ಲ ಬೇರೆ ಬೇರೆ ಕೆಲಸಗಳಿಗೆ ಭತ್ತದಲ್ಲೂ ಸಣ್ಣ ಪ್ರಮಾಣದಲ್ಲಿ ಇವೆ. ಸಿ4 ದಾರಿಯ ಐದು ಕಿಣ್ವಗಳ ಜೀನುಗಳನ್ನು ಒಟ್ಟಿಗೆ ಮೆಕ್ಕೆಜೋಳದಿಂದ ಭತ್ತಕ್ಕೆ ಸೇರಿಸಿಯೂ ಆಗಿದೆ. ಕಿಣ್ವಗಳು ಅಲ್ಲಿ ತಯಾರಾದವು, ಆದರೆ ಆ ದಾರಿಯಲ್ಲಿ ಹರಿದ ಇಂಗಾಲ ತೀರಾ ಅಲ್ಪ.

ಕಷ್ಟ ಇರುವುದು ಎಲೆಯನ್ನು ಮರುಕಟ್ಟುವುದರಲ್ಲಿ. ಭತ್ತದ ನರಗಳು ದೂರ ದೂರ. ನಡುವೆ ಹಲವು ತಿರುಳು ಕೋಶಗಳಿದ್ದರೆ ಆಮ್ಲ ಅಷ್ಟು ದೂರ ಬೇಗ ಸಾಗಲಾರದು. ಕವಚ ಕೋಶ ದೊಡ್ಡದಾಗಬೇಕು, ಅದರೊಳಗೆ ಕ್ಲೋರೋಪ್ಲಾಸ್ಟು ತುಂಬಬೇಕು, ಗೋಡೆಯಲ್ಲಿ ಕಿಂಡಿಗಳು ಹೆಚ್ಚಬೇಕು, ಆದರೆ ಅನಿಲ ಸೋರಬಾರದು. ತಿರುಳು ಕೋಶದಲ್ಲಿ ರುಬಿಸ್ಕೊ ಇಲ್ಲವಾಗಬೇಕು. ಇವುಗಳಲ್ಲಿ ಒಂದು ಭಾಗದಲ್ಲಿ ಮುನ್ನಡೆ ಸಿಕ್ಕಿದೆ: ಮೆಕ್ಕೆಜೋಳದ ಗೋಲ್ಡನ್2 ಬಗೆಯ ಜೀನುಗಳನ್ನು ಭತ್ತಕ್ಕೆ ಸೇರಿಸಿದಾಗ ಕವಚ ಕೋಶಗಳಲ್ಲಿ ಕ್ಲೋರೋಪ್ಲಾಸ್ಟು, ಮೈಟೋಕಾಂಡ್ರಿಯಗಳು ಬೆಳೆದವು. ನರಗಳನ್ನು ಹತ್ತಿರ ತರುವ ಜೀನುಗಳ ಹುಡುಕಾಟಕ್ಕೆ ಬಳಕೆಯಾಗುತ್ತಿರುವ ಗಿಡಗಳಲ್ಲಿ ಮುಖ್ಯವಾದದ್ದು ನಮ್ಮ ನವಣೆಯ ಕಾಡು ಮೂಲಜಾತಿ. ಗಿಡ ಚಿಕ್ಕದು, ಬೇಗ ಬೀಜ ಕಟ್ಟುತ್ತದೆ, ಜೀನ್ ಸಮೂಹವೂ ಚಿಕ್ಕದು, ಪ್ರಯೋಗಾಲಯಕ್ಕೆ ಹೇಳಿ ಮಾಡಿಸಿದಂತಿದೆ. ರೈತರ ಕೈಗೆ ಸಿ4 ಭತ್ತದ ಬೀಜ ಬರುವ ಹಂತ ಇನ್ನೂ ದೂರವಿದೆ.